ಮೂರು ಬಾಗಿಲು, ಒಂದು ಕಾರು, ಲಕ್ಷ ಆಟ

1990ರ ಸೆಪ್ಟೆಂಬರ್ 9, ಭಾನುವಾರ. ಅಮೆರಿಕದ ದಿನಪತ್ರಿಕೆಗಳ ಜತೆ ಪುರವಣಿಯಾಗಿ ಬರುತ್ತಿದ್ದ 'ಪರೇಡ್' ಪತ್ರಿಕೆಯಲ್ಲಿ ಮರಿಲಿನ್ ವಾಸ್ ಸಾವಂಟ್ ಅವರ ಅಂಕಣಕ್ಕೆ ಓದುಗರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ನೀವು ಟಿವಿ ಆಟವೊಂದರಲ್ಲಿದ್ದೀರಿ. ಎದುರಿಗೆ ಮುಚ್ಚಿದ ಮೂರು ಬಾಗಿಲುಗಳಿವೆ. ಒಂದರ ಹಿಂದೆ ಹೊಸ ಕಾರು, ಉಳಿದೆರಡರ ಹಿಂದೆ ಒಂದೊಂದು ಮೇಕೆ. ನೀವು ಒಂದನೇ ಬಾಗಿಲು ತೋರಿಸಿದಿರಿ ಎನ್ನೋಣ. ಯಾವುದರ ಹಿಂದೆ ಏನಿದೆ ಎಂದು ಬಲ್ಲ ನಿರೂಪಕ ಮೂರನೇ ಬಾಗಿಲು ತೆರೆಯುತ್ತಾನೆ. ಅಲ್ಲಿ ಮೇಕೆ. 'ಈಗ ಬೇಕಿದ್ದರೆ ಎರಡನೇ ಬಾಗಿಲಿಗೆ ಬದಲಿಸಿಕೊಳ್ಳಬಹುದು' ಎನ್ನುತ್ತಾನೆ. ಬದಲಿಸಿದರೆ ಲಾಭವಿದೆಯೇ?

ಬದಲಿಸಿ ಎಂದರು ವಾಸ್ ಸಾವಂಟ್. ಮೊದಲ ಬಾಗಿಲಿಗೇ ಅಂಟಿಕೊಂಡರೆ ಗೆಲ್ಲುವ ಅವಕಾಶ ಮೂರರಲ್ಲಿ ಒಂದು, ಬದಲಿಸಿದರೆ ಮೂರರಲ್ಲಿ ಎರಡು ಎಂಬುದು ಅವರ ಉತ್ತರ.

ಸುಮಾರು ಹತ್ತು ಸಾವಿರ ಕಾಗದಗಳು ಬಂದವು. ಬಹುಪಾಲು ಜನ ಬರೆದದ್ದು 'ನೀವು ಹೇಳಿದ್ದು ತಪ್ಪು' ಎಂದೇ. ಸಾವಿರದಷ್ಟು ಕಾಗದಗಳ ಕೆಳಗೆ ಪಿಎಚ್‌ಡಿ ಪದವಿಯ ಸಹಿಯಿತ್ತು, ಗಣಿತದ ಪ್ರಾಧ್ಯಾಪಕರೂ ಅವರಲ್ಲಿದ್ದರು. ವಿಶ್ವದ ಅತಿ ಹೆಚ್ಚು ಬುದ್ಧಿಮತ್ತೆಯವರೆಂದು ಗಿನ್ನೆಸ್ ದಾಖಲೆ ಸೇರಿದ್ದ ಹೆಂಗಸೊಬ್ಬರು ಇಷ್ಟು ಸಣ್ಣ ಲೆಕ್ಕದಲ್ಲಿ ಎಡವಿದರಲ್ಲ ಎಂಬ ಖುಷಿಯೂ ಕೆಲವರಿಗೆ ಇದ್ದಿರಬೇಕು, ಅಷ್ಟು ಖಾರವಾಗಿ ಬರೆದಿದ್ದರು. ಅವರೆಲ್ಲರ ವಾದ ಒಂದೇ: ಉಳಿದಿರುವುದು ಎರಡು ಬಾಗಿಲು, ಕಾರು ಇರುವುದು ಒಂದರ ಹಿಂದೆ, ಆದ್ದರಿಂದ ಅರ್ಧಕ್ಕರ್ಧ. ಬದಲಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಪ್ರಶ್ನೆ ಆಗಲೇ ಹದಿನೈದು ವರ್ಷ ಹಳೆಯದು. 1975ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಟೀವ್ ಸೆಲ್ವಿನ್ ಸಂಖ್ಯಾಶಾಸ್ತ್ರದ ಪತ್ರಿಕೆಯೊಂದಕ್ಕೆ ಬರೆದ ಪತ್ರದಲ್ಲಿ ಇದನ್ನು ಮುಂದಿಟ್ಟಿದ್ದರು. ಅವರ ಲೆಕ್ಕದಲ್ಲಿ ಬಾಗಿಲುಗಳಿರಲಿಲ್ಲ, ಮೂರು ಪೆಟ್ಟಿಗೆಗಳಿದ್ದವು. ಒಂದರಲ್ಲಿ ಲಿಂಕನ್ ಕಾರಿನ ಕೀಲಿ. 1963ರಿಂದ ನಡೆಯುತ್ತಿದ್ದ 'ಲೆಟ್ಸ್ ಮೇಕ್ ಎ ಡೀಲ್' ಎಂಬ ಜನಪ್ರಿಯ ಟಿವಿ ಆಟದ ನಿರೂಪಕ ಮಾಂಟಿ ಹಾಲ್ ಅವರನ್ನೇ ಸೆಲ್ವಿನ್ ತಮ್ಮ ಲೆಕ್ಕದ ಪಾತ್ರ ಮಾಡಿಕೊಂಡಿದ್ದರು. ಹಾಗಾಗಿ ಒಗಟಿಗೆ ಅವರದೇ ಹೆಸರು ಉಳಿಯಿತು. ಹಾಲ್ ಆ ವರ್ಷವೇ ಸೆಲ್ವಿನ್‌ಗೆ ಉತ್ತರಿಸಿ, ನಮ್ಮ ಆಟದಲ್ಲಿ ಒಮ್ಮೆ ಆರಿಸಿದ ಮೇಲೆ ಪೆಟ್ಟಿಗೆ ಬದಲಿಸುವಂತಿಲ್ಲ ಎಂದು ತಮಾಷೆಯಾಗಿ ತಿಳಿಸಿದ್ದರು. ಅಂದರೆ ಲೋಕವೆಲ್ಲ ಜಗಳವಾಡಿದ ಈ ಆಟ ಟಿವಿಯಲ್ಲಿ ಈ ರೂಪದಲ್ಲಿ ನಡೆಯುತ್ತಲೇ ಇರಲಿಲ್ಲ.

ವಾದದಿಂದ ಬಗ್ಗದವರನ್ನು ಕೊನೆಗೆ ಬಗ್ಗಿಸಿದ್ದು ಆಟವನ್ನು ಆಡಿ ನೋಡಿದ್ದು. ಮೂರು ಪೇಪರ್ ಕಪ್, ಒಂದು ನಾಣ್ಯ ಇಟ್ಟುಕೊಂಡು ನೀವೇ ಪರೀಕ್ಷಿಸಿ ಎಂದು ವಾಸ್ ಸಾವಂಟ್ ಶಾಲೆಗಳಿಗೆ ಕರೆ ಕೊಟ್ಟರು. ಮಕ್ಕಳ ಎಣಿಕೆ ಅವರ ಉತ್ತರದ ಕಡೆಗೇ ಬಂತು. ದೊಡ್ಡವರ ವಿಷಯಕ್ಕೆ ಬಂದರೆ ಪಾಲ್ ಎರ್ಡಷ್ ಅವರ ಕಥೆ ಪ್ರಸಿದ್ಧ. ಇಪ್ಪತ್ತನೇ ಶತಮಾನದ ಬಹು ದೊಡ್ಡ ಗಣಿತಜ್ಞರಲ್ಲಿ ಒಬ್ಬರಾದ ಅವರಿಗೆ 1995ರಲ್ಲಿ ಗೆಳೆಯ ಆಂಡ್ರೂ ವಾಝೋನಿ ಈ ಒಗಟು ಹೇಳಿದರು. ಬದಲಿಸಿದರೆ ಏನೂ ವ್ಯತ್ಯಾಸವಿಲ್ಲ ಎಂದುಬಿಟ್ಟರು ಎರ್ಡಷ್. ವಾಝೋನಿ ಕಾಗದದ ಮೇಲೆ ಲೆಕ್ಕ ಬಿಡಿಸಿ ತೋರಿಸಿದರೂ ಒಪ್ಪಲಿಲ್ಲ. ಆಮೇಲೆ ವಾಝೋನಿ ತಮ್ಮ ಕಂಪ್ಯೂಟರಿನಲ್ಲಿ ಆಟವನ್ನು ಮತ್ತೆ ಮತ್ತೆ ಆಡಿಸಿದರು. ಮೂರರಲ್ಲಿ ಎರಡು ಪಾಲು ಗೆಲುವು ಬದಲಿಸಿದವರದ್ದಾಯಿತು. ಎರ್ಡಷ್ ಒಪ್ಪಿದರು, ಆದರೆ ಸಮಾಧಾನವಾಗಲಿಲ್ಲ. ಹೌದು ಎಂದು ಕಂಪ್ಯೂಟರ್ ಹೇಳುತ್ತಿದೆ, ಏಕೆ ಎಂದು ಹೇಳುತ್ತಿಲ್ಲವಲ್ಲ ಎಂಬುದು ಅವರ ತಕರಾರು.

ನನಗೆ ಅನ್ನಿಸುವುದು ಬೇರೆ. ಆಟದ ಫಲಿತಾಂಶ ಮಾತ್ರ ನೋಡಿದರೆ ಎರ್ಡಷ್ ಹೇಳಿದ್ದು ಸರಿ. ಆದರೆ ಆ ಆಟವನ್ನು ಕಂಪ್ಯೂಟರಿಗೆ ಕಲಿಸುವ ಪ್ರೋಗ್ರಾಂ ಇದೆಯಲ್ಲ, ಅದನ್ನು ಸಾಲು ಸಾಲಾಗಿ ಬರೆಯಲು ಕೂತರೆ 'ಏಕೆ' ಎಂಬುದೂ ಅದರಲ್ಲೇ ಸಿಕ್ಕಿಬಿಡುತ್ತದೆ. ಬಾಯಲ್ಲಿ ಹೇಳುವಾಗ 'ನಿರೂಪಕ ಒಂದು ಬಾಗಿಲು ತೆರೆಯುತ್ತಾನೆ' ಎಂದು ತೇಲಿಸಿ ಹೇಳಬಹುದು. ಕಂಪ್ಯೂಟರಿಗೆ ಹಾಗೆ ಹೇಳಲಾಗದು. ಯಾವ ಬಾಗಿಲು, ಹೇಗೆ ಆರಿಸಿ ತೆರೆಯುತ್ತಾನೆ ಎಂದು ಬಿಡಿಸಿ ಹೇಳಲೇಬೇಕು. ಇಡೀ ಜಗಳ ಇದ್ದದ್ದು ಆ ಒಂದು ಸಾಲಿನಲ್ಲಿ.

ಮೊದಲು ಕೈಯಲ್ಲೇ ಆಡೋಣ. ಮೂರು ಸ್ಟೀಲ್ ಲೋಟ ಬೋರಲು ಹಾಕಿ, ಒಂದು ಹುಣಸೆಬೀಜ ಇಟ್ಟುಕೊಳ್ಳಿ. ಒಬ್ಬರು ನಿರೂಪಕ, ಒಬ್ಬರು ಆಟಗಾರ. ಬೀಜ ಎಲ್ಲಿಡಬೇಕೆಂದು ಮನಸ್ಸಿನಲ್ಲೇ ತೀರ್ಮಾನಿಸಬೇಡಿ. ಮನುಷ್ಯರಿಗೆ ಗೊತ್ತುಗುರಿಯಿಲ್ಲದೆ ಆರಿಸುವುದು ಬಾರದು. ಎರಡು ಸಲ ನಡುವಿನ ಲೋಟದಲ್ಲಿಟ್ಟರೆ ಮೂರನೇ ಸಲ ಕೈ ತಾನಾಗಿ ಬದಿಗೆ ಹೋಗುತ್ತದೆ, ಎದುರಿನವರು ಅದನ್ನು ಊಹಿಸುತ್ತಾರೆ. ಅದಕ್ಕೆ ಲೂಡೋ ದಾಳ ಉರುಳಿಸಿ: ಒಂದು ಎರಡು ಬಿದ್ದರೆ ಎಡದ ಲೋಟ, ಮೂರು ನಾಲ್ಕಕ್ಕೆ ನಡುವಿನದು, ಐದು ಆರಕ್ಕೆ ಬಲದ್ದು. ಆಟಗಾರ ಬೇರೆ ಕಡೆ ಮುಖ ಮಾಡಿರಬೇಕು. ಆಮೇಲೆ ಅವರು ಒಂದು ಲೋಟ ತೋರಿಸುತ್ತಾರೆ. ನಿರೂಪಕ ಉಳಿದೆರಡರಲ್ಲಿ ಖಾಲಿ ಇರುವುದೊಂದನ್ನು ಎತ್ತಿ ತೋರಿಸುತ್ತಾರೆ. ಆಟಗಾರ ಪ್ರತಿ ಸಲವೂ ಬದಲಿಸಲಿ. ಗೆದ್ದರೆ ಗೀಟು ಹಾಕಿ.

ಇಪ್ಪತ್ತು ಸಲ ಆಡಿ ನಿಲ್ಲಿಸಿದರೆ ಸಾಲದು. ಸರಾಸರಿ ಹದಿಮೂರು ಗೆಲುವು ಬರಬೇಕಾದ ಕಡೆ ಅದೃಷ್ಟದ ಏರಿಳಿತದಿಂದ ಹತ್ತು ಬರಬಹುದು, ಹದಿನಾರೂ ಬರಬಹುದು. ನೂರು ಮನೆಗಳಲ್ಲಿ ಇಪ್ಪತ್ತಿಪ್ಪತ್ತು ಸಲ ಆಡಿದರೆ, ಸುಮಾರು ಒಂಬತ್ತು ಮನೆಗಳಲ್ಲಿ ಬದಲಿಸಿದವರಿಗೆ ಹತ್ತು ಅಥವಾ ಅದಕ್ಕಿಂತ ಕಡಿಮೆ ಗೆಲುವು ಬಂದು, 'ನೋಡಿ, ಅರ್ಧಕ್ಕರ್ಧ!' ಎಂಬ ಮಾತು ಕೇಳಿಬರುತ್ತದೆ. ನೂರು ಸಲ ಆಡಿದರೆ ಗೆಲುವು ಸಾಮಾನ್ಯವಾಗಿ 57 ಮತ್ತು 76ರ ನಡುವೆ ನಿಲ್ಲುತ್ತದೆ, ಐವತ್ತು ಬರುವುದು ಬಹು ಅಪರೂಪ. ಲಕ್ಷ ಸಲ ಆಡಿದರೆ ಶೇಕಡಾವಾರಿನಲ್ಲಿ ಅರ್ಧ ಅಂಶವೂ ಆಚೀಚೆ ಆಗದು. ಆದರೆ ಲಕ್ಷ ಸಲ ಲೋಟ ಎತ್ತುವವರು ಯಾರು? ಆ ಕೆಲಸ ಕಂಪ್ಯೂಟರಿಗೆ. ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಇಷ್ಟೇ:

```python
import random

n = 100000
stay = 0
switch = 0

for i in range(n):
    car = random.choice([1, 2, 3])
    pick = random.choice([1, 2, 3])
    goats = [d for d in [1, 2, 3] if d != pick and d != car]
    opened = random.choice(goats)
    other = 6 - pick - opened
    if pick == car:
        stay += 1
    if other == car:
        switch += 1

print(stay / n, switch / n)
```

ಪ್ರೋಗ್ರಾಮಿಂಗ್ ಗೊತ್ತಿಲ್ಲದವರೂ ಇದನ್ನು ಓದಬಹುದು. `car` ಎಂದರೆ ಕಾರಿರುವ ಬಾಗಿಲು, `pick` ಎಂದರೆ ನಿಮ್ಮ ಮೊದಲ ಆಯ್ಕೆ. ಎರಡನ್ನೂ 1, 2, 3ರ ನಡುವೆ ಚೀಟಿ ಎತ್ತಿದ ಹಾಗೆ ಆರಿಸಲಾಗುತ್ತದೆ. `goats` ಸಾಲು ನಿರೂಪಕನ ತಲೆ: ನೀವು ಆರಿಸಿದ್ದನ್ನೂ ತೆರೆಯುವಂತಿಲ್ಲ, ಕಾರಿರುವುದನ್ನೂ ತೆರೆಯುವಂತಿಲ್ಲ, ಉಳಿದದ್ದರಲ್ಲಿ ಒಂದು. `other` ಎಂಬುದು ಕೊನೆಗೆ ಮುಚ್ಚಿ ಉಳಿಯುವ ಬಾಗಿಲು. ಒಂದು, ಎರಡು, ಮೂರು ಕೂಡಿದರೆ ಆರು, ಆದ್ದರಿಂದ ಆರರಲ್ಲಿ ಉಳಿದೆರಡನ್ನು ಕಳೆದರೆ ಅದು ಸಿಗುತ್ತದೆ. ಒಂದೇ ಆಟವನ್ನು ಅಂಟಿಕೊಂಡವರ ಲೆಕ್ಕಕ್ಕೂ ಬದಲಿಸಿದವರ ಲೆಕ್ಕಕ್ಕೂ ಹಿಡಿಯುತ್ತಿದ್ದೇವೆ. ಓಡಿಸಿದರೆ ಕ್ಷಣದಲ್ಲಿ ಎರಡು ಸಂಖ್ಯೆ ಬರುತ್ತವೆ: ಮೊದಲನೆಯದು 0.333ರ ಆಸುಪಾಸು, ಎರಡನೆಯದು 0.667ರ ಆಸುಪಾಸು. ಮತ್ತೆ ಓಡಿಸಿದರೆ ಮೂರನೇ ಅಂಕಿ ತುಸು ಅಲುಗಾಡಬಹುದು, ಅಷ್ಟೇ.

ಈ ಪ್ರೋಗ್ರಾಮಿನಲ್ಲಿ ತಪ್ಪಾಗಿದೆಯೇ ಎಂದು ಕಂಡುಹಿಡಿಯಲು ಒಂದು ಸುಲಭದ ದಾರಿಯಿದೆ. ಪ್ರತಿ ಆಟದ ಕೊನೆಗೆ ಮುಚ್ಚಿರುವುದು ಎರಡೇ ಬಾಗಿಲು, ಕಾರು ಅವೆರಡರಲ್ಲಿ ಒಂದರ ಹಿಂದೆ ಇದ್ದೇ ಇರುತ್ತದೆ. ಹಾಗಾಗಿ ಅಂಟಿಕೊಂಡವರ ಗೆಲುವು, ಬದಲಿಸಿದವರ ಗೆಲುವು ಎರಡನ್ನೂ ಕೂಡಿದರೆ ಸರಿಯಾಗಿ ಒಂದು ಲಕ್ಷ ಬರಬೇಕು, ಒಂದು ಹೆಚ್ಚಲ್ಲ, ಒಂದು ಕಡಿಮೆಯಲ್ಲ. ಬರದಿದ್ದರೆ ಎಲ್ಲೋ ಎಡವಟ್ಟಾಗಿದೆ.

ಈಗ ಕಾರಣಕ್ಕೆ ಬರೋಣ. `if pick == car` ಎಂಬ ಸಾಲನ್ನು ನೋಡಿ. ಅಂಟಿಕೊಂಡವರ ಗೆಲುವು ನಿರ್ಧಾರವಾಗುವುದು ಮೊದಲ ಎರಡು ಚೀಟಿಗಳಿಂದಲೇ. ನಿರೂಪಕ ಏನು ತೆರೆದ ಎಂಬುದು ಆ ಲೆಕ್ಕದಲ್ಲಿ ಎಲ್ಲೂ ಇಲ್ಲ. ನಿರೂಪಕನ ಸಾಲನ್ನೇ ಅಳಿಸಿಹಾಕಿದರೂ ಆ ಎಣಿಕೆ ಬದಲಾಗದು: ಮೂರು ಬಾಗಿಲು, ಒಂದು ಊಹೆ, ಮೂರರಲ್ಲಿ ಒಂದು. ಉಳಿದ ಆಟಗಳೆಲ್ಲ ಬದಲಿಸಿದವರಿಗೆ ಸೇರಲೇಬೇಕು, ಏಕೆಂದರೆ ಕೂಡಿದರೆ ಲಕ್ಷವಾಗಬೇಕಲ್ಲ.

ಇದನ್ನೇ 900 ಆಟಗಳಲ್ಲಿ ಬಿಡಿಸಿ ನೋಡಿ. ಸುಮಾರು 300 ಆಟಗಳಲ್ಲಿ ನಿಮ್ಮ ಮೊದಲ ಊಹೆಯೇ ಸರಿ. ಆಗ ನಿರೂಪಕನ ಎದುರು ಎರಡು ಮೇಕೆಗಳಿರುತ್ತವೆ, ಯಾವುದನ್ನು ಬೇಕಾದರೂ ತೋರಿಸುತ್ತಾನೆ, ಬದಲಿಸಿದವರು ಸೋಲುತ್ತಾರೆ. ಉಳಿದ 600ರಲ್ಲಿ ನೀವು ಮುಟ್ಟಿರುವುದು ಮೇಕೆಯ ಬಾಗಿಲು. ಆಗ ನಿರೂಪಕನಿಗೆ ಆಯ್ಕೆಯೇ ಇಲ್ಲ. ಎರಡು ಬಾಗಿಲುಗಳಲ್ಲಿ ಒಂದರ ಹಿಂದೆ ಕಾರು, ಅದನ್ನು ತೆರೆಯುವಂತಿಲ್ಲ. ಇನ್ನೊಂದನ್ನು ತೆರೆದು, ಕಾರಿರುವ ಬಾಗಿಲನ್ನು ನಿಮಗಾಗಿ ಉಳಿಸಿಕೊಡುತ್ತಾನೆ. ಕೊನೆಗೆ ಉಳಿದ ಎರಡು ಬಾಗಿಲುಗಳು ನೋಡಲು ಒಂದೇ ಥರ ಇದ್ದರೂ ಉಳಿದ ಬಗೆ ಬೇರೆ. ನಿಮ್ಮದು ನೀವು ಕುರುಡಾಗಿ ಆರಿಸಿದ್ದರಿಂದ ಉಳಿಯಿತು. ಇನ್ನೊಂದು, ಬಲ್ಲವನೊಬ್ಬ ಅದನ್ನು ತೆರೆಯದೆ ಬಿಟ್ಟಿದ್ದರಿಂದ ಉಳಿಯಿತು.

ಹಾಗಾದರೆ ಅಷ್ಟೊಂದು ಪಂಡಿತರಿಗೆ ಅರ್ಧ ಎಂದು ಅನ್ನಿಸಿದ್ದೇಕೆ? ಇಲ್ಲೊಂದು ಮಜಾ ಇದೆ. ಕೆಲವರು ಪ್ರೋಗ್ರಾಂ ಬರೆದೇ 'ಅರ್ಧ ಬಂತು' ಎಂದು ತೋರಿಸುತ್ತಾರೆ. ಅವರ ಸಾಲುಗಳನ್ನು ನೋಡಿದರೆ, ನಿರೂಪಕ ಬಾಗಿಲು ತೆರೆದ ಮೇಲೆ ಆಟಗಾರ ಉಳಿದೆರಡು ಬಾಗಿಲುಗಳ ನಡುವೆ ಹೊಸದಾಗಿ ಚೀಟಿ ಎತ್ತುತ್ತಾನೆ. ಅದು ಬದಲಿಸುವುದಲ್ಲ, ನಾಣ್ಯ ಚಿಮ್ಮುವುದು. ನಾಣ್ಯ ಅರ್ಧ ಸಲ ಅವನನ್ನು ಹಳೆಯ ಬಾಗಿಲಲ್ಲೇ ನಿಲ್ಲಿಸುತ್ತದೆ, ಅರ್ಧ ಸಲ ಬದಲಿಸುತ್ತದೆ. ಮೂರರಲ್ಲಿ ಒಂದು, ಮೂರರಲ್ಲಿ ಎರಡು ಇವೆರಡರ ಸರಾಸರಿ ಸರಿಯಾಗಿ ಅರ್ಧ. ಈ ಅರ್ಧ ನಾಣ್ಯದ್ದು, ಬಾಗಿಲುಗಳದ್ದಲ್ಲ. ಒಂದು ಬಾಗಿಲ ಹಿಂದೆ ಶೇಕಡಾ 99, ಇನ್ನೊಂದರ ಹಿಂದೆ ಶೇಕಡಾ 1 ಅವಕಾಶವಿದ್ದರೂ ನಾಣ್ಯ ಚಿಮ್ಮಿ ಆರಿಸುವವನಿಗೆ ಅರ್ಧವೇ ಸಿಗುತ್ತದೆ.

ಹಾಗೆಂದು ಅರ್ಧ ಎಂದವರೆಲ್ಲ ದಡ್ಡರಲ್ಲ. ಆಟದ ಒಂದು ನಿಯಮ ತಿರುಚಿದರೆ ಅವರ ಉತ್ತರ ಸರಿಯಾಗಿಬಿಡುತ್ತದೆ. ಕಾರು ಎಲ್ಲಿದೆ ಎಂದು ನಿರೂಪಕನಿಗೆ ಗೊತ್ತಿಲ್ಲ ಎಂದುಕೊಳ್ಳಿ. ನೀವು ಆರಿಸದ ಎರಡು ಬಾಗಿಲುಗಳಲ್ಲಿ ಒಂದನ್ನು ಅವನೂ ಕಣ್ಣುಮುಚ್ಚಿ ತೆರೆಯುತ್ತಾನೆ. ಅಕಸ್ಮಾತ್ತಾಗಿ ಮೇಕೆ ಬಂತು. ಈಗ? ಪ್ರೋಗ್ರಾಮಿನಲ್ಲಿ `goats`, `opened` ಇರುವ ಎರಡು ಸಾಲುಗಳ ಜಾಗಕ್ಕೆ ಇಷ್ಟು ಹಾಕಿ:

```python
    opened = random.choice([d for d in [1, 2, 3] if d != pick])
    if opened == car:
        continue
```

`continue` ಎಂದರೆ ಈ ಆಟ ಕೆಟ್ಟಿತು, ಬಿಟ್ಟು ಮುಂದೆ ಹೋಗು ಎಂದರ್ಥ. ಓಡಿಸಿದರೆ 0.333, 0.333ರ ಆಸುಪಾಸಿನ ಎರಡು ಸಂಖ್ಯೆಗಳು ಬರುತ್ತವೆ. ಇದನ್ನು ನೋಡಿ ಗಾಬರಿಯಾಗಬೇಡಿ. ಕೂಡಿದರೆ ಲಕ್ಷವಾಗುತ್ತಿಲ್ಲ, ಏಕೆಂದರೆ ಮೂರನೇ ಒಂದು ಪಾಲು ಆಟಗಳಲ್ಲಿ ನಿರೂಪಕ ಕಾರನ್ನೇ ತೆರೆದು ಆಟ ಕೆಡಿಸಿದ್ದಾನೆ, ಅವನ್ನು ಎಣಿಸಿಲ್ಲ. ಭಾಗಿಸಬೇಕಾದದ್ದು ಲಕ್ಷದಿಂದಲ್ಲ, ಕೆಡದೆ ಉಳಿದ ಆಟಗಳಿಂದ. ಆಗ ಎರಡೂ ಅರ್ಧರ್ಧ.

ಮತ್ತೆ ಆ 900 ಆಟಗಳನ್ನೇ ತೆಗೆದುಕೊಳ್ಳಿ. 300ರಲ್ಲಿ ನಿಮ್ಮ ಊಹೆ ಸರಿ, ನಿರೂಪಕ ಏನೇ ತೆರೆದರೂ ಮೇಕೆ. ಉಳಿದ 600ರಲ್ಲಿ ಅವನು ಕುರುಡಾಗಿ ತೆರೆಯುವುದರಿಂದ 300 ಸಲ ಕಾರೇ ಹೊರಬೀಳುತ್ತದೆ. ಅವು ಹೋದವು. ಬದಲಿಸಿದವರಿಗೆ ಬರಬೇಕಿದ್ದ 600 ಗೆಲುವಿನಲ್ಲಿ ಅರ್ಧ ಹೀಗೆ ಕರಗಿತು. ಉಳಿದದ್ದು 300ಕ್ಕೆ 300. ಕಣ್ಣಿಗೆ ಕಾಣುವ ದೃಶ್ಯ ಎರಡು ಆಟಗಳಲ್ಲೂ ಒಂದೇ: ನಿಮ್ಮ ಮುಚ್ಚಿದ ಬಾಗಿಲು, ಇನ್ನೊಂದು ಮುಚ್ಚಿದ ಬಾಗಿಲು, ನಡುವೆ ಒಂದು ಮೇಕೆ. ಬಲ್ಲವನು ತೋರಿಸಿದ ಮೇಕೆಯಾದರೆ ಬದಲಿಸುವುದು ಎರಡರಷ್ಟು ಲಾಭ, ತಿಳಿಯದವನು ಎಡವಿ ತೋರಿಸಿದ ಮೇಕೆಯಾದರೆ ಏನೂ ಇಲ್ಲ. ಈ ಒಗಟಿನಲ್ಲಿ ನನಗೆ ನಿಜಕ್ಕೂ ವಿಚಿತ್ರವೆನಿಸುವುದು ಇದು, ಮೂರರಲ್ಲಿ ಎರಡು ಎಂಬ ಉತ್ತರವಲ್ಲ.

ನಿರೂಪಕ ಬಲ್ಲವನಾದರೆ ಸಾಲದು, ಅವನು ನಿಯಮಕ್ಕೆ ಕಟ್ಟುಬಿದ್ದವನೂ ಆಗಿರಬೇಕು. ಇದನ್ನು ತೋರಿಸಿಕೊಟ್ಟವರು ಸ್ವತಃ ಮಾಂಟಿ ಹಾಲ್. 1991ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಜಾನ್ ಟಿಯರ್ನಿ ಬೆವರ್ಲಿ ಹಿಲ್ಸ್‌ನಲ್ಲಿದ್ದ ಅವರ ಮನೆಗೆ ಹೋಗಿ ಈ ಆಟ ಆಡಿದರು. ನಿಯಮದ ಪ್ರಕಾರ ಆಡಿದಾಗ ಬದಲಿಸುವುದರಲ್ಲೇ ಲಾಭವಾಯಿತು. ಆಮೇಲೆ ಹಾಲ್ ತಮ್ಮ ವರಸೆ ಬದಲಿಸಿದರು. ಪತ್ರಕರ್ತ ಮೇಕೆಯ ಬಾಗಿಲು ಆರಿಸಿದರೆ, ಬದಲಿಸುವ ಮಾತೇ ಎತ್ತದೆ ಅದನ್ನೇ ತೆರೆದು ಆಟ ಮುಗಿಸುವುದು. ಕಾರಿನ ಬಾಗಿಲು ಆರಿಸಿದರೆ ಮಾತ್ರ ಇನ್ನೊಂದು ಮೇಕೆ ತೋರಿಸಿ, ಹಣದ ಆಸೆಯನ್ನೂ ಒಡ್ಡಿ ಬದಲಿಸುವಂತೆ ಪುಸಲಾಯಿಸುವುದು. ಇಂಥ ನಿರೂಪಕನ ಎದುರು ಬದಲಿಸಿದವನು ಒಂದು ಸಲವೂ ಗೆಲ್ಲಲಾರ. ಪರೇಡ್‌ನಲ್ಲಿ ಅಚ್ಚಾದ ಪ್ರಶ್ನೆಯಲ್ಲಿ ನಿರೂಪಕನಿಗೆ ಎಲ್ಲ ಗೊತ್ತು ಎಂದಿತ್ತು. ಆದರೆ ಪ್ರತಿ ಸಲವೂ ಅವನು ಮೇಕೆ ತೋರಿಸಿ ಬದಲಿಸಲು ಅವಕಾಶ ಕೊಡಲೇಬೇಕು ಎಂದಿರಲಿಲ್ಲ. ವಾಸ್ ಸಾವಂಟ್ ಅದನ್ನು ಇದೆಯೆಂದೇ ಓದಿಕೊಂಡರು. ನ್ಯಾಯವಾಗಿ ಹೇಳಬೇಕೆಂದರೆ ಕಾಗದ ಬರೆದು ಬೈದವರೂ ಹಾಗೆಯೇ ಓದಿಕೊಂಡಿದ್ದರು. ಅವರು ಸೋತದ್ದು ಈ ಸಂದಿಯಿಂದಲ್ಲ, ಲೆಕ್ಕದಲ್ಲೇ.

ಕೊನೆಗೆ ನಮ್ಮ ಕಡೆಯ ಒಂದು ಆಟ. ಪುನೀತ್ ರಾಜ್‌ಕುಮಾರ್ ನಡೆಸಿಕೊಟ್ಟ 'ಕನ್ನಡದ ಕೋಟ್ಯಧಿಪತಿ'ಯನ್ನು ನೋಡಿದವರಿಗೆ ಫಿಫ್ಟಿ-ಫಿಫ್ಟಿ ಲೈಫ್‌ಲೈನ್ ನೆನಪಿರುತ್ತದೆ. ನಾಲ್ಕು ಉತ್ತರಗಳಲ್ಲಿ ಎರಡು ತಪ್ಪು ಉತ್ತರಗಳನ್ನು ಕಂಪ್ಯೂಟರ್ ಅಳಿಸುತ್ತದೆ. ಮಾಂಟಿ ಹಾಲ್ ಒಗಟು ಕಲಿತ ಉತ್ಸಾಹದಲ್ಲಿ ಇಲ್ಲೂ ಬದಲಿಸುವುದೇ ಸರಿ ಎನ್ನುವವರಿದ್ದಾರೆ. ನಾನು ಮನಸ್ಸಿನಲ್ಲಿ 'ಎ' ಅಂದುಕೊಂಡಿದ್ದೆ, 'ಎ' ಮತ್ತು 'ಸಿ' ಉಳಿದವು, ಹಾಗಾದರೆ 'ಸಿ'ಗೆ ಹೋಗಲೇ? ಕಂಪ್ಯೂಟರ್ ಬಲ್ಲದು ಎಂಬುದೇನೋ ನಿಜ, ಸರಿಯುತ್ತರವನ್ನು ಅದು ಅಳಿಸುವುದಿಲ್ಲ. ಆದರೆ ನಿಮ್ಮ ಮನಸ್ಸಿನ 'ಎ'ಯನ್ನು ಮುಟ್ಟಬಾರದೆಂಬ ನಿಯಮ ಅದಕ್ಕಿಲ್ಲ. ಎರಡು ತಪ್ಪು ಉತ್ತರಗಳನ್ನು ಅದು ಚೀಟಿ ಎತ್ತಿ ಅಳಿಸುತ್ತದೆ ಎಂದುಕೊಂಡು ಎಣಿಸಿ. ಏನೂ ತಿಳಿಯದೆ ಬರೀ ಊಹೆಯಿಂದ 'ಎ' ಎಂದುಕೊಂಡ 400 ಸಂದರ್ಭಗಳಲ್ಲಿ 100ರಲ್ಲಿ 'ಎ' ಸರಿ, ಅದು ಉಳಿಯುತ್ತದೆ. 300ರಲ್ಲಿ ಅದು ತಪ್ಪು. ಮೂರು ತಪ್ಪು ಉತ್ತರಗಳಲ್ಲಿ ಉಳಿಯುವುದು ಒಂದೇ ಆದ್ದರಿಂದ, ಆ 300ರಲ್ಲಿ 200 ಸಲ 'ಎ'ಯೇ ಅಳಿಸಿಹೋಗುತ್ತದೆ, 100 ಸಲ ಉಳಿಯುತ್ತದೆ. ಉಳಿದ 200 ಸಂದರ್ಭಗಳಲ್ಲಿ ಸರಿ 100, ತಪ್ಪು 100.

ಹಾಟ್‌ಸೀಟಿನಲ್ಲಿ ಕೂತವರು ಬಾಗಿಲುಗಳ ಲೆಕ್ಕ ನೆಚ್ಚಿ ಉತ್ತರ ಬದಲಿಸಬೇಕಿಲ್ಲ. ಅಲ್ಲಿ ಅದು ನಿಜವಾಗಿಯೂ ಅರ್ಧಕ್ಕರ್ಧ.